ಲೈಬ್ರರಿನಾ ಮನೆನಾ: ಒಂದು ವಾರ ಹಾಕಿ ನೋಡೋದು ಹೆಂಗೆ

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದ ಗೋಪಾಳದಲ್ಲಿರೋದು, ಡಿಗ್ರಿ ಮುಗ್ಸಿ ಪಿಡಿಒ, ಎಫ್‌ಡಿಎ ಎಕ್ಸಾಮ್‌ಗೆ ಓದ್ತಿದೀನಿ. ಮನೇಲಿ ಅಜ್ಜಿ, ಅಮ್ಮ, ಪಿಯುಸಿ ಓದೋ ತಮ್ಮ, ಯಾವಾಗ್ಲೂ ಏನಾದ್ರೂ ಒಂದು ಗಲಾಟೆ ಇದ್ದೇ ಇರುತ್ತೆ. ಫ್ರೆಂಡ್ಸ್ ಎಲ್ಲ ಲೈಬ್ರರಿಗೆ ಬಾ ಅಂತಾರೆ, ಅಪ್ಪ ಹೋಗಿ ಬರೋದ್ರಲ್ಲೇ ಅರ್ಧ ದಿನ ಹೋಗುತ್ತೆ ಅಂತಾರೆ. ಒಂದು ವಾರ ಎರಡೂ ಟ್ರೈ ಮಾಡಿ ಮೇನ್ ಸ್ಟಡಿ ಟೈಮ್ ಎಲ್ಲಿ ಅಂತ ಡಿಸೈಡ್ ಮಾಡೋಣ ಅಂತಿದೀನಿ. ಹೆಂಗೆ ಮಾಡಿದ್ರೆ ಸರಿಯಾಗಿ ಗೊತ್ತಾಗುತ್ತೆ?

ಉತ್ತರ:

ಸಾಮಾನ್ಯವಾಗಿ ಎಲ್ರೂ ಏನ್ ಮಾಡ್ತಾರೆ ಅಂದ್ರೆ, ವಾರದ ಮೊದಲ ಮೂರು ದಿನ ಮನೆ, ಆಮೇಲೆ ಮೂರು ದಿನ ಲೈಬ್ರರಿ, ಕೊನೇಗೆ ಕೂತ್ಕೊಂಡು ಯಾವ್ದು ಚೆನ್ನಾಗಿತ್ತು ಅಂತ ಯೋಚ್ನೆ ಮಾಡೋದು. ಹಂಗೆ ಮಾಡ್ಬೇಡಿ, ವಾರ ಹೋಗುತ್ತೆ ಅಷ್ಟೇ, ಉತ್ತರ ಸಿಗಲ್ಲ. ಮನೇಲಿ ಓದಿದ ಮೂರು ದಿನ ಸುಲಭದ ಚಾಪ್ಟರ್ ಸಿಕ್ಕಿರಬಹುದು, ಲೈಬ್ರರಿಗೆ ಹೋದ ದಿನ ಹಿಂದಿನ ರಾತ್ರಿ ನಿದ್ದೆ ಕೆಟ್ಟಿರಬಹುದು, ಆಗ ನೀವು ಅಳತೆ ಮಾಡಿದ್ದು ಚಾಪ್ಟರನ್ನೋ ನಿದ್ದೆನೋ, ಜಾಗವನ್ನಲ್ಲ. ಇನ್ನೊಂದು, ಚೆನ್ನಾಗಿತ್ತು ಅನ್ನೋ ಫೀಲಿಂಗ್ ಇದೆಯಲ್ಲ ಅದನ್ನ ನಂಬೋ ಹಂಗೇ ಇಲ್ಲ. ಅದ್ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ. ಮನೆನಾ ಲೈಬ್ರರಿನಾ ಅಂತ ಒಟ್ಟಾರೆ ಕೇಳಿದ್ರೆ ಉತ್ತರ ಬರಲ್ಲ, ಬೆಳಿಗ್ಗೆ ಹೊತ್ತು ಎಲ್ಲಿ, ಮಧ್ಯಾಹ್ನದ ಹೊತ್ತು ಎಲ್ಲಿ ಅಂತ ಬಿಡಿಸಿ ಕೇಳ್ಬೇಕು. ನಿಮ್ಮನೆ ಬೆಳಿಗ್ಗೆ ಒಂಬತ್ತಕ್ಕೆ ಇರೋ ಹಂಗೆ ಮಧ್ಯಾಹ್ನ ಮೂರಕ್ಕೆ ಇರಲ್ಲ, ಲೈಬ್ರರಿನೂ ಅಷ್ಟೇ, ಬೆಳಿಗ್ಗೆ ಪೇಪರ್ ಓದೋಕೆ ಬರೋ ಹಿರಿಯರದ್ದೇ ಒಂದು ಗುಂಪು, ಮಧ್ಯಾಹ್ನ ಕಾಂಪಿಟೇಟಿವ್ ಹುಡುಗರದ್ದೇ ಇನ್ನೊಂದು ಗುಂಪು. ಹಂಗಾಗಿ ಟೆಸ್ಟ್ ಮಾಡೋಕೆ ಮುಂಚೆ ನಿಮ್ಮ ದಿನದಲ್ಲಿ ಎರಡು ದೊಡ್ಡ ಸ್ಲಾಟ್ ಯಾವ್ದು ಅಂತ ಗುರುತು ಮಾಡಿ. ಉದಾಹರಣೆಗೆ 9 ಗಂಟೆಯಿಂದ 12:30, ಆಮೇಲೆ 2:30ರಿಂದ 6. ಬೆಳಗಿನ ಜಾವ ಐದಕ್ಕೆ ಎದ್ದು ಓದೋ ಅಭ್ಯಾಸ ಇದ್ರೆ ಅದನ್ನ ಈ ಟೆಸ್ಟ್‌ಗೆ ಸೇರಿಸ್ಬೇಡಿ, ಆ ಹೊತ್ತಿಗೆ ಲೈಬ್ರರಿ ತೆಗ್ದಿರಲ್ಲ, ಆಯ್ಕೆನೇ ಇಲ್ಲದ ಕಡೆ ಪರೀಕ್ಷೆ ಯಾಕೆ. ರಾತ್ರಿ ಎಂಟರ ಮೇಲಿಂದೂ ಹಂಗೇ.

ಈಗ ವಾರದ ಲೆಕ್ಕ. ನಮ್ಮ ಕಡೆ ಸರ್ಕಾರಿ ಲೈಬ್ರರಿಗಳಿಗೆ ಸಾಮಾನ್ಯವಾಗಿ ಸೋಮವಾರ ರಜ, ಎರಡನೇ ಮಂಗಳವಾರನೂ ರಜ, ಅದಕ್ಕೆ ಮಂಗಳವಾರದಿಂದ ಭಾನುವಾರದ ತನಕ ಆರು ದಿನ ಇಟ್ಕೊಳ್ಳಿ, ಎರಡನೇ ಮಂಗಳವಾರ ಬರೋ ವಾರ ಬೇಡ, ಬಾಗಿಲಿನ ಮೇಲಿರೋ ಬೋರ್ಡನ್ನ ಒಂದ್ಸಲ ಓದ್ಕೊಂಡು ಬನ್ನಿ. ಪ್ರತಿ ದಿನ ಒಂದು ಸ್ಲಾಟ್ ಮನೆ, ಒಂದು ಸ್ಲಾಟ್ ಲೈಬ್ರರಿ. ಮಂಗಳವಾರ ಬೆಳಿಗ್ಗೆ ಲೈಬ್ರರಿ, ಮಧ್ಯಾಹ್ನ ಮನೆ. ಬುಧವಾರ ಉಲ್ಟಾ, ಬೆಳಿಗ್ಗೆ ಮನೆ, ಮಧ್ಯಾಹ್ನ ಲೈಬ್ರರಿ. ಗುರುವಾರ ಬುಧವಾರದ್ದೇ ರೀತಿ. ಶುಕ್ರವಾರ, ಶನಿವಾರ ಮಂಗಳವಾರದ ರೀತಿ. ಭಾನುವಾರ ಮತ್ತೆ ಬುಧವಾರದ ರೀತಿ. ಹಿಂಗೆ ಮಾಡಿದ್ರೆ ಬೆಳಗಿನ ಸ್ಲಾಟ್ ಮೂರು ಸಲ ಮನೇಲಿ, ಮೂರು ಸಲ ಲೈಬ್ರರೀಲಿ ಆಗುತ್ತೆ, ಮಧ್ಯಾಹ್ನದ್ದೂ ಅಷ್ಟೇ. ದಿನ ಬಿಟ್ಟು ದಿನ ಅಂತ ಸುಮ್ನೆ ಬದಲಾಯಿಸ್ಬಹುದಿತ್ತಲ್ಲ ಅಂತ ಕೇಳ್ಬಹುದು. ಹಂಗೆ ಮಾಡಿದ್ರೆ ಒಂದು ಜಾಗ ಯಾವಾಗ್ಲೂ ಒಂದು ದಿನ ಮುಂದೆ ಇನ್ನೊಂದು ಒಂದು ದಿನ ಹಿಂದೆ ಬೀಳುತ್ತೆ, ವಾರ ಕಳೀತಾ ಸುಸ್ತು ಜಾಸ್ತಿ ಆಗುತ್ತಲ್ಲ, ಆ ಸುಸ್ತೆಲ್ಲ ಹಿಂದೆ ಬಿದ್ದ ಜಾಗದ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ. ಮಧ್ಯೆ ಹಿಂದುಮುಂದು ಮಾಡಿದ್ರೆ ಅದು ಹೆಚ್ಚುಕಮ್ಮಿ ಸಮ ಆಗುತ್ತೆ.

ಓದೋ ವಿಷಯ ಸ್ಲಾಟ್‌ಗೆ ಅಂಟಿಸಿಬಿಡಿ, ಜಾಗಕ್ಕೆ ಬೇಡ. ಬೆಳಿಗ್ಗೆ ಆರೂ ದಿನ ಸಂವಿಧಾನ ಮತ್ತೆ ಪಂಚಾಯತ್ ರಾಜ್, ಮಧ್ಯಾಹ್ನ ಆರೂ ದಿನ ಕರ್ನಾಟಕ ಇತಿಹಾಸ, ಒಂದೇ ಪುಸ್ತಕ, ಮುಂದೆ ಮುಂದೆ ಓದ್ತಾ ಹೋಗಿ. ಲೈಬ್ರರೀಲಿ ಹೊಸ ಚಾಪ್ಟರ್, ಮನೇಲಿ ರಿವಿಷನ್ ಅಂತ ಮಾಡಿದ್ರೆ ಕೆಟ್ಟುಹೋಯ್ತು, ರಿವಿಷನ್ ಯಾವಾಗ್ಲೂ ಸಲೀಸಾಗಿ ಓಡುತ್ತೆ. ಮೆಂಟಲ್ ಎಬಿಲಿಟಿ ಲೆಕ್ಕಗಳನ್ನ ಆ ವಾರ ಬೆಳಗಿನ ಜಾವಕ್ಕೋ ರಾತ್ರಿಗೋ ತಳ್ಳಿಬಿಡಿ.

ಬರ್ಕೊಳ್ಳೋದು ಮೂರೇ ಮೂರು. ಅದಕ್ಕಿಂತ ಜಾಸ್ತಿ ಇಟ್ರೆ ಗುರುವಾರದ ಹೊತ್ತಿಗೆ ನೀವೇ ಕೈ ಬಿಡ್ತೀರಿ, ನಾನು ನೋಡಿದೀನಿ, ಬಣ್ಣ ಬಣ್ಣದ ಟೇಬಲ್ ಹಾಕಿ ಎರಡು ದಿನ ತುಂಬಿಸಿ ಆಮೇಲೆ ಖಾಲಿ ಬಿಟ್ಟ ನೋಟ್‌ಬುಕ್‌ಗಳು ಎಷ್ಟೋ.

ಒಂದು, ನಿಜವಾಗಿ ಓದಿದ ನಿಮಿಷ. ಸ್ಲಾಟ್ ಮೂರೂವರೆ ಗಂಟೆ ಅಂದ್ರೆ 210 ನಿಮಿಷ, ಅದರಲ್ಲಿ ಹೋಗಿ ಬರೋ ಟೈಮೂ ಒಳಗೇ ಸೇರ್ಬೇಕು, ಲೈಬ್ರರಿ ದಿನ ಒಂಬತ್ತಕ್ಕೆ ಮನೆ ಬಿಡೋದು, ಹನ್ನೆರಡೂವರೆಗೆ ಮನೆ ಸೇರೋದು, ಒಂಬತ್ತಕ್ಕೆ ಸೀಟಲ್ಲಿ ಕೂರೋದಲ್ಲ. ಇದನ್ನ ಮಾಡ್ದೆ ಹೋದ್ರೆ ನಿಮ್ಮಪ್ಪ ಹೇಳೋ ಮಾತು ಸರಿನೋ ತಪ್ಪೋ ಗೊತ್ತಾಗೋದೇ ಇಲ್ಲ. ಪುಸ್ತಕದಿಂದ ಎದ್ದು ಹೋದ್ರೆ ಗಡಿಯಾರ ನೋಡಿ ಬರೀರಿ, ವಾಪಸ್ ಬಂದಾಗ ಮತ್ತೆ ಬರೀರಿ, ಕೊನೇಗೆ ಕಳೀರಿ.

ಎರಡು, ಗೀಟು. ಯಾರೋ ಏನೋ ಬಂದು ನಿಮ್ಮ ಗಮನ ತಪ್ಪಿಸಿದಾಗೆಲ್ಲ ಪುಟದ ಅಂಚಿಗೆ ಒಂದು ಗೀಟು, ಪಕ್ಕದಲ್ಲಿ ಒಂದೇ ಅಕ್ಷರ, ಅಮ್ಮ ಕರೆದ್ರೆ ಅ, ಫೋನ್ ಆದ್ರೆ ಫೋ, ಫ್ರೆಂಡ್ ಮಾತಾಡಿಸಿದ್ರೆ ಫ್ರೆ, ಸುಮ್ನೆ ನಾವೇ ಕಿಟಕಿ ನೋಡ್ತಾ ಕೂತಿದ್ರೆ ನಾ. ಈ ಗೀಟುಗಳನ್ನ ಗೆಲುವು ಸೋಲು ಲೆಕ್ಕಕ್ಕೆ ಹಿಡಿಯಲ್ಲ, ಸೋತ ಜಾಗ ಯಾಕೆ ಸೋತಿತು ಅಂತ ಆಮೇಲೆ ತಿಳ್ಕೊಳ್ಳೋಕೆ ಬೇಕು.

ಮೂರನೇದು ಮುಖ್ಯದ್ದು, ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡ್ತೀನಿ. ಓದಿದ ಪ್ರತಿ ಒಂದು ಪುಟಕ್ಕೆ ಒಂದು ಪ್ರಶ್ನೆ ಬರೀರಿ, ಉತ್ತರ ಬರೀಬೇಡಿ. ಸ್ಲಾಟ್ ಮುಗಿಯೋ ಮುಂಚೆ, ಆ ಟೈಮೊಳಗೇ ಬರೀಬೇಕು. ಮಾರನೇ ದಿನ ಬೆಳಿಗ್ಗೆ ಖಾಲಿ ಹಾಳೆ ತಗೊಂಡು ಹಿಂದಿನ ದಿನದ ಎರಡೂ ಸ್ಲಾಟಿನ ಪ್ರಶ್ನೆಗೆ ಪುಸ್ತಕ ಮುಚ್ಚಿ ಉತ್ತರ ಬರೀರಿ, ಆಮೇಲೆ ತೆಗ್ದು ನೋಡಿ. ಪೂರ್ತಿ ಸರಿ ಇದ್ರೆ ಒಂದು, ಅರ್ಧಂಬರ್ಧ ಇದ್ರೆ ಸೊನ್ನೆ. ಸರಿ ಉತ್ತರ ಎಷ್ಟು ಅನ್ನೋದೇ ಆ ಸ್ಲಾಟಿನ ಅಂಕ. ಪುಟಕ್ಕೊಂದು ಅನ್ನೋ ರೂಲ್ ಯಾಕೆ ಅಂದ್ರೆ, ಇಲ್ದಿದ್ರೆ ಮನಸ್ಸು ತನಗೆ ಗೊತ್ತಿರೋ ಕಡೆಯಿಂದನೇ ಪ್ರಶ್ನೆ ಆರಿಸ್ಕೊಳ್ಳುತ್ತೆ, ಒಳ್ಳೆ ಮೂಡಲ್ಲಿದ್ದ ದಿನ ಸುಲಭದ್ದು, ಕೆಟ್ಟ ದಿನ ಇನ್ನೂ ಸುಲಭದ್ದು. ಪ್ರಶ್ನೆ ಒಂದೇ ಉತ್ತರ ಇರೋ ಥರ ಇರ್ಲಿ. "ಪಂಚಾಯತ್ ರಾಜ್ ಬಗ್ಗೆ ಬರಿ" ಅಂತ ಬರೆದ್ರೆ ಮಾರನೇ ದಿನ ಏನ್ ಬರೆದ್ರೂ ಸರಿ ಅನ್ಸುತ್ತೆ. "73ನೇ ತಿದ್ದುಪಡಿ ಸೇರಿಸಿದ ಅನುಸೂಚಿ ಯಾವುದು, ಅದರಲ್ಲಿ ಎಷ್ಟು ವಿಷಯ" ಅಂತ ಬರೆದ್ರೆ 11ನೇದು, 29 ಅಂತ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ, ಅಲ್ಲಿ ಜಾರ್ಕೊಳ್ಳೋಕೆ ಜಾಗ ಇಲ್ಲ.

ಅವತ್ತೇ ಸಂಜೆ ಟೆಸ್ಟ್ ಮಾಡ್ಕೊಂಡ್ರೆ ಆಗಲ್ವಾ ಅಂದ್ರೆ, ಆಗಲ್ಲ. ರೋಡಿಗರ್ ಮತ್ತೆ ಕಾರ್ಪಿಕೆ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು, ಒಂದು ಗುಂಪು ಪಾಠವನ್ನ ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿ ಪುಸ್ತಕ ಮುಚ್ಚಿ ನೆನಪು ಮಾಡ್ಕೊಂಡಿತು. ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಮತ್ತೆ ಓದಿದವರೇ ಮುಂದೆ. ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು ಕೇಳಿದ್ರೆ ನೆನಪು ಮಾಡ್ಕೊಂಡವರು ಮುಂದೆ. ಅಂದ್ರೆ ಓದಿ ಎದ್ದ ಕೂಡ್ಲೇ ಇರೋ ತೃಪ್ತಿ ಬೇರೆ, ತಲೆಯಲ್ಲಿ ಉಳಿಯೋದು ಬೇರೆ, ಎರಡೂ ಎದುರುಬದುರು ದಿಕ್ಕಿಗೂ ಹೋಗ್ಬಹುದು. ಲೈಬ್ರರೀಲಿ ಸುತ್ತ ನಲವತ್ತು ಜನ ತಲೆ ಬಗ್ಗಿಸಿ ಓದ್ತಿರೋವಾಗ ನಾವೂ ಓದ್ತಿದೀವಿ ಅನ್ಸೋದು ಸಹಜ, ಮನೇಲಿ ಹಾಸಿಗೆ ಮೇಲೆ ಆರಾಮಾಗಿ ಪುಟ ತಿರುಗಿಸ್ತಾ ಇದ್ರೂ ಹಂಗೇ ಅನ್ಸುತ್ತೆ. ಮಾರನೇ ದಿನದ ಖಾಲಿ ಹಾಳೆಗೆ ಅದ್ಯಾವ್ದೂ ಗೊತ್ತಿರಲ್ಲ.

ಆ ಉತ್ತರ ಬರೆಯೋದನ್ನ ದಿನಾ ಒಂದೇ ಹೊತ್ತಿಗೆ, ನೀವು ಓದೋ ಟೇಬಲ್ ಬಿಟ್ಟು ಬೇರೆ ಕಡೆ ಮಾಡಿ, ಟೆರೇಸೋ ಜಗುಲಿನೋ. ಓದಿದ ಜಾಗದಲ್ಲೇ ಕೂತ್ರೆ ಸ್ವಲ್ಪ ಜಾಸ್ತಿ ನೆನಪಾಗೋ ಸಾಧ್ಯತೆ ಇರುತ್ತೆ, ಅದು ಮನೆಗೆ ಸುಮ್ನೆ ಸಿಗೋ ಗ್ರೇಸ್ ಮಾರ್ಕ್ ಆಗುತ್ತೆ.

ಒಬ್ಬ ಹುಡುಗನ ಶೀಟ್ ನನ್ನ ಹತ್ರ ಇದೆ, ಅವನ ಒಪ್ಪಿಗೆ ಮೇಲೆ ಹಾಕ್ತಿದೀನಿ. ಅವನದ್ದೂ ನಿಮ್ಮಂಗೇ ಊರಿನ ಅಂಚಿನ ಬಡಾವಣೆ, ಸಿಟಿ ಬಸ್ಸಿಗೆ ಕಾಯೋದು ನಡೆಯೋದು ಎಲ್ಲ ಸೇರಿ ಲೈಬ್ರರಿಗೆ ಒಂದು ಕಡೆಗೆ 25 ನಿಮಿಷ. ಅಂದ್ರೆ 210 ನಿಮಿಷದ ಸ್ಲಾಟಲ್ಲಿ 50 ರಸ್ತೇಲಿ, 160 ಸೀಟಲ್ಲಿ.

ಬೆಳಗಿನ ಸ್ಲಾಟ್ ಮನೇಲಿ ಓದಿದ ಮೂರು ದಿನ ನಿಜವಾದ ಓದು 95, 110, 80 ನಿಮಿಷ, ಮಾರನೇ ದಿನದ ಸರಿ ಉತ್ತರ 9, 11, 8, ಒಟ್ಟು 28. ಅದೇ ಸ್ಲಾಟ್ ಲೈಬ್ರರೀಲಿ 140, 125, 135 ನಿಮಿಷ, ಸರಿ ಉತ್ತರ 15, 12, 14, ಒಟ್ಟು 41. ಐವತ್ತು ನಿಮಿಷ ರಸ್ತೆಗೆ ಕೊಟ್ಟೂ ಲೈಬ್ರರೀಲಿ ಜಾಸ್ತಿ ಓದಾಗಿದೆ, ಅಪ್ಪಂದಿರು ಈ ಸಾಲು ನೋಡ್ಬೇಕು.

ಮಧ್ಯಾಹ್ನದ್ದು ನೋಡಿ. ಮನೇಲಿ 150, 140, 145 ನಿಮಿಷ, ಸರಿ ಉತ್ತರ 16, 14, 15, ಒಟ್ಟು 45. ಲೈಬ್ರರೀಲಿ 110, 90, 105, ಸರಿ ಉತ್ತರ 11, 8, 10, ಒಟ್ಟು 29. ಪೂರ್ತಿ ಉಲ್ಟಾ.

ಈಗ ಅವನು ಸ್ಲಾಟ್ ಬಿಡಿಸದೆ ಜಾಗದ ಮೇಲೆ ಒಟ್ಟು ಕೂಡಿದ್ದಿದ್ರೆ ಏನಾಗ್ತಿತ್ತು, ಮನೆ 28 ಪ್ಲಸ್ 45, ಅಂದ್ರೆ 73. ಲೈಬ್ರರಿ 41 ಪ್ಲಸ್ 29, ಅಂದ್ರೆ 70. ಎರಡೂ ಒಂದೇ ಮಾರಾಯ್ರೆ, ಎಲ್ಲಿ ಓದಿದ್ರೇನು ಅಂತ ಮನೇಲೇ ಕೂತಿರ್ತಿದ್ದ. ಮೂರು ದಿನ ಅಲ್ಲಿ ಮೂರು ದಿನ ಇಲ್ಲಿ ಅನ್ನೋ ವಿಧಾನ ನಿಮಗೆ ಕೊಡೋದು ಈ 73 ಮತ್ತೆ 70ನ್ನ ಮಾತ್ರ. ಆದ್ರೆ ಬೆಳಿಗ್ಗೆ ಲೈಬ್ರರಿ, ಮಧ್ಯಾಹ್ನ ಮನೆ ಅಂತ ಜೋಡಿಸಿದ್ರೆ 41 ಪ್ಲಸ್ 45, 86 ಆಗುತ್ತೆ.

ಕಾರಣ ಗೀಟುಗಳಲ್ಲಿತ್ತು. ಬೆಳಿಗ್ಗೆ ಮನೇಲಿ ಅ ಅಕ್ಷರದ ಗೀಟೇ ಗೀಟು, ತಿಂಡಿ ಆಯ್ತಾ, ಸೊಪ್ಪಿನವಳು ಬಂದ್ಲು ಸ್ವಲ್ಪ ಹೋಗು, ಸಿಲಿಂಡರ್ ಬಂತು, ಮೋಟರ್ ಆಫ್ ಮಾಡು, ಒಂದೊಂದೂ ಎರಡೇ ನಿಮಿಷದ ಕೆಲಸ, ಆದ್ರೆ ವಾಪಸ್ ಬಂದು ಮತ್ತೆ ಆ ಪ್ಯಾರಾ ಮೊದಲಿಂದ. ಮಧ್ಯಾಹ್ನ ಊಟ ಆದ್ಮೇಲೆ ಮನೆಯವರೆಲ್ಲ ಮಲಗ್ತಾರೆ, ಮನೆ ಗಪ್‌ಚಿಪ್. ಲೈಬ್ರರೀಲಿ ಅದೇ ಹೊತ್ತಿಗೆ ಫ್ರೆ, ಫ್ರೆ, ಫ್ರೆ. ನಾಲ್ಕು ಜನ ಫ್ರೆಂಡ್ಸು, ಒಬ್ಬೊಬ್ಬನಿಗೆ ಒಂದೊಂದು ಹೊತ್ತಿಗೆ ಟೀ ಬೇಕು, ಒಬ್ಬ ಎದ್ರೆ ನಾಲ್ವರೂ ಎದ್ದು ಹೊರಗೆ, ಟೀ ಅಂಗಡಿ ಮುಂದೆ ಕಟ್‌ಆಫ್ ಎಷ್ಟು ನಿಲ್ಬಹುದು ಅಂತ ಚರ್ಚೆ, ಒಳಗೆ ಬರೋವಾಗ ಸೀಟಲ್ಲಿ ಬೇರೆಯವರು. ನಿಮ್ಮ ಫ್ರೆಂಡ್ಸೂ ಬಾ ಅಂತ ಕರೀತಿದಾರೆ ಅಂದ್ರಲ್ಲ, ಅದಕ್ಕೇ ಇದನ್ನ ಇಷ್ಟು ವಿವರವಾಗಿ ಹೇಳಿದ್ದು. ಟೆಸ್ಟ್ ವಾರದಲ್ಲಿ ಅವರ ಜೊತೇಲೇ ಕೂರಿ, ಯಾಕಂದ್ರೆ ಮುಂದೆ ಹೆಂಗೂ ಹಂಗೇ ಕೂರೋದು ನೀವು.

ಎಷ್ಟು ವ್ಯತ್ಯಾಸ ಇದ್ರೆ ನಂಬ್ಬೇಕು ಅನ್ನೋದಕ್ಕೆ ಒಂದು ಸರಳ ರೂಲ್ ಇಟ್ಕೊಳ್ಳಿ. ಗೆದ್ದ ಜಾಗದ ಅತೀ ಕೆಟ್ಟ ದಿನ, ಸೋತ ಜಾಗದ ಅತೀ ಒಳ್ಳೆ ದಿನಕ್ಕಿಂತ ಮೇಲಿದ್ರೆ ನಂಬಿ. ಈ ಹುಡುಗನದ್ದು ಬೆಳಿಗ್ಗೆ ಲೈಬ್ರರಿ ಕೆಟ್ಟ ದಿನ 12, ಮನೆ ಒಳ್ಳೆ ದಿನ 11, ಕೂದಲೆಳೆ ಅಂತರ ಆದ್ರೂ ದಾಟಿದೆ. ಮಧ್ಯಾಹ್ನ ಮನೆ ಕೆಟ್ಟ ದಿನ 14, ಲೈಬ್ರರಿ ಒಳ್ಳೆ ದಿನ 11, ಆರಾಮಾಗಿ ದಾಟಿದೆ. ಒಂದರೊಳಗೊಂದು ಸೇರ್ಕೊಂಡಿದ್ರೆ, ಅಂದ್ರೆ ಒಂದು ಕಡೆ 9, 14, 11 ಇನ್ನೊಂದು ಕಡೆ 12, 10, 13 ಥರ ಇದ್ರೆ, ಅದನ್ನ ಟೈ ಅಂತ ತಗೊಂಡು ಬಸ್ ಚಾರ್ಜ್ ಇಲ್ಲದ ಕಡೆ ಕೂತ್ಕೊಳ್ಳಿ. ಮೂರು ಮೂರು ದಿನದಲ್ಲಿ ಸಣ್ಣ ವ್ಯತ್ಯಾಸ ಹಿಡಿಯೋಕೆ ಆಗಲ್ಲ, ಹಿಡಿಯೋ ಅವಶ್ಯಕತೆನೂ ಇಲ್ಲ, ಅಷ್ಟು ಸಣ್ಣದಾದ್ರೆ ಎಲ್ಲಿ ಕೂತ್ರೂ ನಡೆಯುತ್ತೆ. ಈ ರೂಲನ್ನ ಮಂಗಳವಾರ ಶುರು ಮಾಡೋ ಮುಂಚೆನೇ ಒಂದು ಚೀಟೀಲಿ ಬರೆದು ತಮ್ಮನ ಕೈಗೆ ಕೊಡಿ. ಒಳಗೊಳಗೆ ನಿಮಗೆ ಲೈಬ್ರರಿಗೆ ಹೋಗೋ ಆಸೆ ಇದ್ದೇ ಇರುತ್ತೆ, ಲೆಕ್ಕ ನೋಡಿದ ಮೇಲೆ ರೂಲ್ ಮಾಡೋಕೆ ಹೋದ್ರೆ ಆಸೆಗೆ ತಕ್ಕ ರೂಲೇ ಬರುತ್ತೆ.

ಇನ್ನೊಂದು ಪ್ರಶ್ನೆ ನಿಮಗೆ ಬಂದೇ ಬರುತ್ತೆ. ಇಡೀ ದಿನ ಲೈಬ್ರರೀಲೇ ಇದ್ರೆ ಹೋಗಿಬರೋದು ಒಂದೇ ಸಲ ಅಲ್ವಾ, ಟೆಸ್ಟಲ್ಲಿ ಮಧ್ಯಾಹ್ನದ ಸ್ಲಾಟಿಗೂ 50 ನಿಮಿಷ ಕಳೆದಿದ್ದು ಅನ್ಯಾಯ ಅಲ್ವಾ. ಸರಿಯಾದ ಮಾತು, ಅದಕ್ಕೆ ಲೆಕ್ಕ ಸರಿಮಾಡ್ಬೇಕು. ಆ ಹುಡುಗ ಬೆಳಿಗ್ಗೆಯಿಂದ ಅಲ್ಲೇ ಇದ್ದಿದ್ರೆ ಮಧ್ಯಾಹ್ನ ಹೋಗೋ 25 ನಿಮಿಷ ಉಳೀತಿತ್ತು. ಅವನು ಸೀಟಲ್ಲಿದ್ದ 160 ನಿಮಿಷಕ್ಕೆ ಸರಾಸರಿ ನೂರು ನಿಮಿಷ ಓದ್ತಿದ್ದ, ಆ ಲೆಕ್ಕದಲ್ಲಿ 25ಕ್ಕೆ 16 ನಿಮಿಷ ಓದು, ನೂರು ನಿಮಿಷಕ್ಕೆ ಹತ್ತಿರತ್ತಿರ ಹತ್ತು ಸರಿ ಉತ್ತರ ಬರೋದ್ರಿಂದ ದಿನಕ್ಕೆ ಒಂದೂವರೆ ಉತ್ತರ ಜಾಸ್ತಿ. ಮೂರು ದಿನಕ್ಕೆ ನಾಲ್ಕೈದು. 29 ಇದ್ದಿದ್ದು 34 ಆಗುತ್ತೆ, ಮನೆಯ 45ಕ್ಕೆ ಇನ್ನೂ ದೂರನೇ. ನಿಮ್ಮ ಲೆಕ್ಕದಲ್ಲಿ ಹಿಂಗೆ ಸರಿಮಾಡಿದಾಗ ಎರಡೂ ಹತ್ತಿರ ಬಂದ್ರೆ, ಮುಂದಿನ ವಾರ ಎರಡು ದಿನ ಪೂರ್ತಿ ಲೈಬ್ರರೀಲೇ ಡಬ್ಬಿ ಕಟ್ಕೊಂಡು ಕೂತು ನೋಡಿ, ಬರೀ ಲೆಕ್ಕದ ಮೇಲೆ ಬಿಡ್ಬೇಡಿ, ಯಾಕಂದ್ರೆ ಆರೇಳು ಗಂಟೆ ಆ ಮರದ ಕುರ್ಚಿ ಮೇಲೆ ಕೂರೋದು ಮೂರು ಗಂಟೆ ಕೂರೋದರ ಡಬಲ್ ಅಲ್ಲ, ಬೇರೆನೇ ಕಥೆ.

ಈ ಟೆಸ್ಟ್ ಕೆಡೋದು ಮುಖ್ಯವಾಗಿ ಮೂರು ಕಡೆ. ಮೊದಲ್ನೇದು ಫೋನು. ಲೈಬ್ರರೀಲಿ ಸೈಲೆಂಟ್ ಮಾಡಿ ಬ್ಯಾಗಲ್ಲಿ, ಮನೇಲಿ ಪುಸ್ತಕದ ಪಕ್ಕದಲ್ಲಿ ಇಟ್ಕೊಂಡ್ರೆ ನೀವು ಟೆಸ್ಟ್ ಮಾಡಿದ್ದು ಫೋನನ್ನ. ಎರಡೂ ಕಡೆ ಒಂದೇ ರೂಲ್, ಮನೇಲಾದ್ರೆ ಬೇರೆ ರೂಮಿನ ಬೀರು ಒಳಗೆ. ಎಷ್ಟೋ ಜನಕ್ಕೆ ಲೈಬ್ರರಿಯ ಅರ್ಧ ಲಾಭ ಫೋನ್ ದೂರ ಇರೋದ್ರಿಂದಾನೇ ಬರ್ತಿರುತ್ತೆ, ಅದು ಗೊತ್ತಾದ್ರೆ ಬಸ್ ಹತ್ತೋ ಅವಶ್ಯಕತೆನೇ ಇರಲ್ಲ.

ಎರಡ್ನೇದು ಮನೆಯವರು. "ಈ ವಾರ ನನ್ನ ಟೆಸ್ಟಿದೆ, ಯಾರೂ ಮಾತಾಡಿಸ್ಬೇಡಿ" ಅಂತ ಹೇಳಿದ್ರೆ ಅಮ್ಮ ಪಾಪ ಆ ಆರು ದಿನ ಕುಕ್ಕರ್ ಸೀಟಿನೂ ಹೊಡೆಸದ ಹಂಗೆ ನೋಡ್ಕೋತಾರೆ, ಅಜ್ಜಿ ಧಾರಾವಾಹಿ ವಾಲ್ಯೂಮ್ ಕಮ್ಮಿ ಮಾಡ್ತಾರೆ, ಮನೆ ಗೆಲ್ಲುತ್ತೆ, ಮುಂದಿನ ವಾರ ಎಲ್ಲ ಮಾಮೂಲಿ. ಮುಂದೆ ತಿಂಗಳುಗಟ್ಟಲೆ ಪಾಲಿಸೋಕೆ ಸಾಧ್ಯ ಇರೋ ಮಾತನ್ನ ಮಾತ್ರ ಮನೆಯವರ ಹತ್ರ ಮಾತಾಡ್ಕೊಳ್ಳಿ, ಉದಾಹರಣೆಗೆ ಬಾಗಿಲು ಹಾಕಿದ್ರೆ ಕರೀಬೇಡಿ, ಅರ್ಜೆಂಟ್ ಇದ್ರೆ ಮಾತ್ರ ತಟ್ಟಿ, ಅಷ್ಟೇ.

ಮೂರ್ನೇದು ಹೊಸತನ. ಲೈಬ್ರರಿಗೆ ಮೊದಲ ಸಲ ಹೋದಾಗ ಕೆಲವರಿಗೆ ಹುಮ್ಮಸ್ಸು ಜಾಸ್ತಿ, ಕೆಲವರಿಗೆ ಎಲ್ಲಿ ಕೂರೋದು ಏನು ಅಂತಾನೇ ಒಂದು ಗಂಟೆ ಹೋಗುತ್ತೆ. ಅದಕ್ಕೆ ಹಿಂದಿನ ವಾರದ ಶನಿವಾರ ಭಾನುವಾರ ಸುಮ್ನೆ ಹೋಗಿ ಕೂತು ಬನ್ನಿ, ಲೆಕ್ಕ ಬೇಡ. ಆಗ್ಲೇ ವಿಚಾರಿಸ್ಕೊಳ್ಳಿ, ನಮ್ಮ ಸ್ವಂತ ಪುಸ್ತಕ ಒಳಗೆ ಬಿಡ್ತಾರಾ, ಕೆಲವು ಕಡೆ ಬ್ಯಾಗ್ ಹೊರಗಿಟ್ಟು ಬರೀ ನೋಟ್‌ಬುಕ್ ತಗೊಂಡು ಹೋಗಿ ಅಂತಾರೆ. ಫ್ಯಾನ್ ಕೆಳಗಿನ ಸೀಟು ಎಷ್ಟು ಹೊತ್ತಿಗೆ ತುಂಬುತ್ತೆ, ಕುಡಿಯೋ ನೀರು, ಹೆಣ್ಮಕ್ಕಳ ಟಾಯ್ಲೆಟ್ ಸರಿ ಇದೆಯಾ ಅಂತ. ಟಾಯ್ಲೆಟ್ ಸರಿ ಇಲ್ಲ ಅಂತ ನೀರೇ ಕುಡಿಯದೆ ಕೂತು ತಲೆನೋವು ಬರಿಸ್ಕೊಳ್ಳೋ ಹುಡುಗೀರನ್ನ ಬೇಕಾದಷ್ಟು ನೋಡಿದೀನಿ, ಅದು ಅಂಕದಲ್ಲಿ ನೇರವಾಗಿ ಕಾಣುತ್ತೆ. ದುಡ್ಡು ಕೊಟ್ಟು ಕೂರೋ ಪ್ರೈವೇಟ್ ರೀಡಿಂಗ್ ರೂಮ್ ಆದ್ರೂ ಇದೇ ಟೆಸ್ಟ್ ನಡೆಯುತ್ತೆ, ತಿಂಗಳ ಫೀಸ್ ಕಟ್ಟೋ ಮುಂಚೆ ಒಂದು ವಾರ ದಿನದ ಲೆಕ್ಕದಲ್ಲಿ ಬಿಡ್ತಾರಾ ಕೇಳಿ. ಹಳ್ಳೀಲಿರೋರು ಇದನ್ನ ಓದ್ತಿದ್ರೆ, ಪಂಚಾಯ್ತಿಯ ಅರಿವು ಕೇಂದ್ರ ತೆಗೆದಿರೋ ಹೊತ್ತು ನಿಮ್ಮ ಸ್ಲಾಟ್ ಪೂರ್ತಿ ಬರುತ್ತಾ ಅಂತ ಮೊದಲು ನೋಡ್ಕೊಳ್ಳಿ, ಅರ್ಧಕ್ಕೇ ಬಾಗಿಲು ಹಾಕೋದಾದ್ರೆ ಹೋಲಿಕೆ ಮಾಡೋಕೆ ಏನೂ ಇಲ್ಲ.

ಎರಡು ಕಡೆ ಓದಿದ್ರೆ ತಲೆ ಕಲಸಲ್ವಾ, ಒಂದೇ ಜಾಗ ಒಂದೇ ಕುರ್ಚಿ ಇರ್ಬೇಕು ಅಂತಾರಲ್ಲ ಅಂತ ಯಾರಾದ್ರೂ ಹೇಳಿದ್ರೆ ತಲೆ ಕೆಡಿಸ್ಕೋಬೇಡಿ. ಸ್ಮಿತ್, ಗ್ಲೆನ್‌ಬರ್ಗ್, ಬ್ಯೋರ್ಕ್ ಅನ್ನೋರು 1978ರಲ್ಲೇ ತೋರಿಸಿದಾರೆ, ಒಂದೇ ಪದಪಟ್ಟಿಯನ್ನ ಎರಡು ಬೇರೆ ಬೇರೆ ರೂಮಲ್ಲಿ ಓದಿದವರು, ಒಂದೇ ರೂಮಲ್ಲಿ ಎರಡು ಸಲ ಓದಿದವರಿಗಿಂತ ಹೆಚ್ಚು ನೆನಪಿಟ್ಕೊಂಡಿದ್ರು, ಅದೂ ಮೂರನೇ ಹೊಸ ರೂಮಲ್ಲಿ ಕೇಳಿದಾಗ. ನಿಮ್ಮ ಎಕ್ಸಾಮ್ ಸೆಂಟರೂ ಮನೆಯಲ್ಲ, ಲೈಬ್ರರಿನೂ ಅಲ್ಲ, ಯಾವ್ದೋ ಕಾಲೇಜಿನ ಬೆಂಚು. ಪದಪಟ್ಟಿ ಪ್ರಯೋಗ ಅದು, ಇಡೀ ಸಿಲಬಸ್ಸಿಗೆ ಅಷ್ಟೇ ಲಾಭ ಸಿಗುತ್ತೆ ಅಂತ ಹೇಳೋಕಾಗಲ್ಲ, ಆದ್ರೆ ಎರಡು ಜಾಗ ಅಂದ ಮಾತ್ರಕ್ಕೆ ನಷ್ಟ ಇಲ್ಲ ಅನ್ನೋಷ್ಟಂತೂ ಧೈರ್ಯವಾಗಿ ಹೇಳ್ಬಹುದು.

ನಿಮ್ಮ ವಿಷಯಕ್ಕೆ ಬಂದ್ರೆ, ಮಧ್ಯಾಹ್ನದ ಸ್ಲಾಟ್ ಲೈಬ್ರರಿ ಗೆದ್ರೆ ವಾಪಸ್ ಬರೋ ಬಸ್ಸಿನ ಟೈಮ್ ಈಗ್ಲೇ ನೋಡ್ಕೊಳ್ಳಿ, ಆರು ಗಂಟೆ ಸುಮಾರಿಗೆ ಆಫೀಸು ಬಿಡೋ ಹೊತ್ತು, ಬಸ್ ತುಂಬಿರುತ್ತೆ, ಮಳೆಗಾಲದಲ್ಲಿ ಮೋಡ ಹಾಕಿದ್ರೆ ಆ ಹೊತ್ತಿಗೇ ಕತ್ತಲು ಕವಿದಂಗಿರುತ್ತೆ, ಕತ್ತಲಾದ್ಮೇಲೆ ಬರೋದು ಮನೆಯವರಿಗೆ ಇಷ್ಟ ಇಲ್ಲ ಅಂದ್ರೆ ಸ್ಲಾಟನ್ನೇ 2ರಿಂದ 5:30ಕ್ಕೆ ಸರಿಸಿ ಟೆಸ್ಟ್ ಮಾಡಿ. ಆಗದಿರೋ ಟೈಮಲ್ಲಿ ಗೆದ್ದು ಏನ್ ಪ್ರಯೋಜನ.

ಇನ್ನು ಈ ಫಲಿತಾಂಶ ವರ್ಷಪೂರ್ತಿ ನಡೆಯಲ್ಲ. ಮಾರ್ಚ್ ಏಪ್ರಿಲಲ್ಲಿ ಶೀಟ್ ಹೊದಿಸಿದ ಮನೆಯ ಮಧ್ಯಾಹ್ನದ ಸೆಕೆಗೆ ಲೈಬ್ರರಿಯ ಎತ್ತರದ ಹಾಲ್ ಗೆದ್ದಿರಬಹುದು, ಜುಲೈಲಿ ಮಳೆ ಹಿಡ್ಕೊಂಡಾಗ ಅದೇ 25 ನಿಮಿಷದ ದಾರಿ 45 ಆಗುತ್ತೆ, ಒದ್ದೆ ಚೂಡಿದಾರದಲ್ಲಿ ಮೂರು ಗಂಟೆ ಕೂರೋದು ಬೇರೆ. ಕರೆಂಟ್ ಹೋದ್ರೆ ಎಲ್ಲಿ ಯುಪಿಎಸ್ ಇದೆ ಅನ್ನೋದೇ ಆಗ ತೀರ್ಮಾನ ಮಾಡುತ್ತೆ. ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಮನೆಯವರಿಗಾದ್ರೆ ಕೊನೆಕೊಯ್ಲು ಶುರುವಾದ ಮೇಲೆ ಅಂಗಳದ ತುಂಬ ಅಡಿಕೆ, ಸುಲಿಯೋ ಜನ, ಬೇಯಿಸೋ ಹೊಗೆ, ಮನೆಯ ಅಂಕ ಮೂರು ತಿಂಗಳ ಹಿಂದಿನದ್ದು ಅಂದ್ರೆ ಕಸಕ್ಕೆ ಸಮ. ಪ್ರತಿ ಸಲ ಪೂರ್ತಿ ವಾರ ಬೇಡ. ಕಾಲ ಬದಲಾದಾಗ, ಇಲ್ಲಾ ತಮ್ಮನಿಗೆ ರಜ ಶುರುವಾದಾಗ, ಆ ಸ್ಲಾಟನ್ನ ಎರಡು ದಿನ ಇಲ್ಲಿ ಎರಡು ದಿನ ಅಲ್ಲಿ ಹಿಂದುಮುಂದು ಮಾಡಿ ಹಾಕಿ, ಹಳೇ ಅಂಕದ ಪಕ್ಕ ಬರೆದು ನೋಡಿದ್ರೆ ಸಾಕು.